ಊತ ಇಳಿದ ಮೇಲೆ ಬನ್ನಿ ಎಂದಿದ್ದರು

ನಿಮ್ಮ ಅಕ್ಕನ ಮಂಡಿ ಯಾಕೆ ಹಾಗಿದೆ ಎಂದು ನೀವಿಬ್ಬರೂ ಒಂದೊಂದು ಸಲ ನನ್ನನ್ನು ಕೇಳಿದ್ದೀರಿ. ಆಟದಲ್ಲಿ ಬಿದ್ದಳು ಎಂದು ಹೇಳಿ ನಾನು ಎದ್ದುಹೋಗಿದ್ದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಬಾಯಿಬಿಟ್ಟು ಹೇಳುವುದು ನಿಮ್ಮ ಅಜ್ಜಿಯಿಂದ ಆಗದು. ಆರನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದೆಯಲ್ಲ, ಅದರಲ್ಲೇ ಬರೆಯುತ್ತೇನೆ.

ನಾನು ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಉಳುಕಿದ ಜಾಗವನ್ನು ಕಾಲಿನಿಂದ ಮೂರು ಸಲ ಒತ್ತಿದರೆ ಉಳುಕು ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಹುಡುಗಿಯಾಗಿದ್ದಾಗಿನಿಂದ ಜನ ಬರುತ್ತಿದ್ದರು. ಸೊಂಟ ಹಿಡಿದವರು, ಗದ್ದೆಯ ಬದುವಿನಲ್ಲಿ ಕಾಲು ಜಾರಿದವರು, ಕಬ್ಬಿನ ಹೊರೆ ಎತ್ತುವಾಗ ಬೆನ್ನು ಸಿಕ್ಕಿಕೊಂಡವರು. ಒತ್ತಿದ ಮೇಲೆ ಹರಳೆಣ್ಣೆ ಬಿಸಿ ಮಾಡಿ ನೀವಿ ಕಳಿಸುತ್ತಿದ್ದೆ. ನಾಲ್ಕು ಜನರ ಮುಂದೆ ತಲೆಯೆತ್ತಿ ಮಾತಾಡಿದವಳಲ್ಲ ನಾನು. ನಿಮ್ಮ ತಾತ ಹೋದ ಮೇಲಂತೂ ಮದುವೆ ಮನೆಗಳಿಗೂ ಹೋಗುವುದನ್ನು ಬಿಟ್ಟೆ. ಆದರೂ ಜನ ನನ್ನನ್ನು ಹುಡುಕಿಕೊಂಡು ಬಾಗಿಲಿಗೆ ಬರುತ್ತಿದ್ದುದು ಈ ಒಂದು ಕೆಲಸಕ್ಕೆ. ಅದು ನನಗೆ ಇಷ್ಟವಾಗಿತ್ತು. ಪಕ್ಕದ ಮನೆಯವಳು ನಿಮ್ಮಕ್ಕನನ್ನು ರೇಗಿಸುತ್ತಿದ್ದಳು, "ನಿಮ್ಮಜ್ಜಿ ಒಂದು ಒದ್ರೆ ಮಲಗಿರೋ ಎಮ್ಮೆನೂ ಎದ್ದು ಅರಕೆರೆಗಂಟ ಓಡ್ತದೆ ಕಣಮ್ಮಿ" ಎಂದು.

ಅಕ್ಕ ಆಗ ಹತ್ತನೇ ಕ್ಲಾಸು. ಕಬಡ್ಡಿಯಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ ಎಂದು ಅವಳ ಪಿ.ಟಿ. ಮೇಡಂ ನಿಮ್ಮಪ್ಪನಿಗೆ ಹೇಳಿದ್ದರು. ಪಾಂಡವಪುರದಲ್ಲಿ ಒಂದು ಪಂದ್ಯ, ಅದಾಗಿ ಆರು ವಾರಕ್ಕೆ ಮಂಡ್ಯದಲ್ಲಿ ಜಿಲ್ಲಾ ತಂಡದ ಆಯ್ಕೆ. ಅದರಲ್ಲಿ ಆಯ್ಕೆಯಾದರೆ ಕ್ರೀಡಾ ಹಾಸ್ಟೆಲಿಗೆ ಹೋಗುವ ದಾರಿ. ಅವಳು ರಾತ್ರಿ ಹಗಲು ಅದೊಂದನ್ನೇ ಜಪಿಸುತ್ತಿದ್ದಳು.

ಪಾಂಡವಪುರದ ಪಂದ್ಯದಲ್ಲಿ ಎದುರು ಅಂಕಣಕ್ಕೆ ನುಗ್ಗಿ ಒಬ್ಬಳನ್ನು ಮುಟ್ಟಿ, ಗೆರೆಯ ಕಡೆಗೆ ಗಕ್ಕನೆ ತಿರುಗಿದಳಂತೆ. ಪಾದ ಮಣ್ಣಿನಲ್ಲಿ ಕಚ್ಚಿಕೊಂಡಿತು, ಮೈ ತಿರುಗಿತು. ಯಾರೂ ಅವಳನ್ನು ಹಿಡಿದಿರಲೂ ಇಲ್ಲ. ಮಂಡಿಯೊಳಗೆ ಕಡ್ಡಿ ಮುರಿದಂಥ ಶಬ್ದ ತನಗೇ ಕೇಳಿಸಿತು ಎಂದಳು. ಮೇಡಂ ಆಟ ನಿಲ್ಲಿಸಿ, ಜ್ಯೂಸ್ ಅಂಗಡಿಯಿಂದ ಐಸು ತರಿಸಿ ಟವೆಲಿನಲ್ಲಿ ಸುತ್ತಿ ಇಟ್ಟರು, ಎಳೆದರೆ ಹಿಗ್ಗುವ ಪಟ್ಟಿ ಸುತ್ತಿದರು, ಕಾಲನ್ನು ಬ್ಯಾಗುಗಳ ಮೇಲೆ ಎತ್ತರಕ್ಕಿಟ್ಟು ಮಲಗಿಸಿದರು. ಎರಡು ಗಂಟೆ ಕಳೆದು ಆಟೋದಲ್ಲಿ ಮನೆಗೆ ಕರೆತರುವಷ್ಟರಲ್ಲಿ ಮಂಡಿ ಸುಲಿದ ತೆಂಗಿನಕಾಯಿಯಷ್ಟು ದಪ್ಪವಾಗಿತ್ತು. ಮಂಡಿಚಿಪ್ಪು ಎಲ್ಲಿದೆ ಎಂದೇ ಗೊತ್ತಾಗುತ್ತಿರಲಿಲ್ಲ.

ನಾನು ಒಲೆಯ ಮೇಲೆ ಎಣ್ಣೆ ಇಡಲು ಎದ್ದೆ. ಮೇಡಂ ನೋಡಿದರು.

"ಅಜ್ಜಿ, ಕಾಲು ನೀವಬೇಡಿ. ಎಣ್ಣೆ ಬೇಡ, ಬಿಸಿ ಶಾಖ ಬೇಡ. ಎರಡು ಮೂರು ಗಂಟೆಗೊಂದು ಸಲ ಇಪ್ಪತ್ತು ನಿಮಿಷ ಐಸು ಇಡಿ, ಬಟ್ಟೆ ಸುತ್ತಿ. ಕಾಲೂರಿಸಬೇಡಿ. ಬೆಳಿಗ್ಗೆನೇ ಆಸ್ಪತ್ರೆಗೆ ಕರ್ಕೊಂಡು ಹೋಗಿ."

ನಾನು ಆಯ್ತು ಎಂದೆ. ಅವರು ಹೋದ ಮೇಲೆ ನಿಮ್ಮಮ್ಮನಿಗೆ, "ಈ ಕಾಲ್ದೋರು ಉಳುಕ್ಗೂ ಐಸ್ಕ್ರೀಮು ಅಂತರೆ" ಎಂದೆ. ನಿಮ್ಮಮ್ಮ ನಕ್ಕಳು. ಅಕ್ಕ ನಗಲಿಲ್ಲ.

ಮಾರನೇ ದಿನ ಶ್ರೀರಂಗಪಟ್ಟಣದ ಆಸ್ಪತ್ರೆಗೆ ನಿಮ್ಮಪ್ಪನ ಜೊತೆ ನಾನೂ ಹೋದೆ. ಡಾಕ್ಟರು ನಾಲ್ಕು ಹೆಜ್ಜೆ ಹಾಕು ಎಂದರು. ಎರಡಕ್ಕೆ ಗೋಡೆ ಹಿಡಿದಳು. ಮಂಡಿ ಮಡಚಲಾಗಲಿಲ್ಲ. ಹೀಗಿದ್ದರೆ ಮೂಳೆ ಮುರಿದಿದೆಯೇ ಎಂದು ನೋಡಲೇಬೇಕು ಎಂದು ಎಕ್ಸ್‌ರೇ ತೆಗೆಸಿದರು. ಮುರಿದಿರಲಿಲ್ಲ. ಮಂಡಿ ಬಿಗಿದು ಹೊಳೆಯುತ್ತಿತ್ತು, ನೋವು ತಡೆಯಲಾಗುತ್ತಿರಲಿಲ್ಲ. ಮರಗಟ್ಟಿಸುವ ಮದ್ದು ಕೊಟ್ಟು ಸೂಜಿ ಹಾಕಿ ಒಳಗಿನದನ್ನು ಎಳೆದರು. ನಾನು ನೀರು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಕಪ್ಪಗಿನ ರಕ್ತ. ಅದನ್ನು ಬಟ್ಟಲಿಗೆ ಬಿಟ್ಟು ಬೆಳಕಿಗೆ ಹಿಡಿದು ನೋಡಿದರು. ಮೇಲೆ ಕೊಬ್ಬಿನ ಜಿಡ್ಡು ತೇಲಿದರೆ ಎಕ್ಸ್‌ರೇಯಲ್ಲಿ ಕಾಣದ ಬಿರುಕು ಮೂಳೆಯಲ್ಲಿರುತ್ತದಂತೆ. ಜಿಡ್ಡಿರಲಿಲ್ಲ.

"ಮೂಳೆ ಚೆನ್ನಾಗಿದೆ. ಆದ್ರೆ ಅಷ್ಟಕ್ಕೇ ಮಂಡಿ ಚೆನ್ನಾಗಿದೆ ಅಂತಲ್ಲ" ಎಂದರು ಡಾಕ್ಟರು. "ಮೇಲಿನ ಮೂಳೆನೂ ಕೆಳಗಿನ ಮೂಳೆನೂ ಹಿಡಿದಿರೋ ಹಗ್ಗ ಇರುತ್ತೆ. ಮಧ್ಯೆ ಮೆತ್ತೆ ಥರದ್ದು ಇರುತ್ತೆ. ಅವೆರಡೂ ಎಕ್ಸ್‌ರೇಯಲ್ಲಿ ಕಾಣಲ್ಲ. ತಿರುಚಿಕೊಂಡು ಬಿದ್ದು, ಟಪ್ ಅಂತ ಕೇಳಿ, ಎರಡೇ ಗಂಟೆಯಲ್ಲಿ ರಕ್ತ ತುಂಬಿದೆ ಅಂದ್ರೆ ಹಗ್ಗ ಹರಿದಿರೋದೇ ಹೆಚ್ಚು. ಈಗ ಊತ, ನೋವು. ಅಲ್ಲಾಡಿಸಿ ನೋಡೋಕಾಗಲ್ಲ. ಹತ್ತು ದಿನ ಬಿಟ್ಟು ಊತ ಇಳಿದ ಮೇಲೆ ಬನ್ನಿ. ಮತ್ತೆ ನೋಡಿ ಎಂ.ಆರ್.ಐ.ಗೆ ಬರೆದುಕೊಡ್ತೀನಿ. ಅದಕ್ಕೆ ಮುಂಚೆನೇ ಮಂಡಿ ಸಿಕ್ಕಿಕೊಂಡು ನೇರ ಆಗದೆ ಹೋದ್ರೆ, ಇಲ್ಲ ಜ್ವರ ಬಂದು ಮಂಡಿ ಕೆಂಪಾದ್ರೆ, ಅವತ್ತೇ ಬನ್ನಿ. ಅಲ್ಲೀವರೆಗೂ ಆಟ ಇಲ್ಲ."

ಇಷ್ಟನ್ನೂ ನಾನು ಕೇಳಿಸಿಕೊಂಡೆ. ಬಸ್ಸಿನಲ್ಲಿ ಬರುವಾಗ ನನ್ನ ತಲೆಯಲ್ಲಿ ಉಳಿದದ್ದು ಮೂಳೆ ಮುರಿದಿಲ್ಲ ಎಂಬುದೊಂದೇ. ಮೂಳೆ ಮುರಿಯದಿದ್ದರೆ ಅದು ಉಳುಕು. ಉಳುಕಿದ್ದರೆ ಅದು ನನ್ನ ಕೆಲಸ.

ಮೂರನೇ ದಿನ ಬೆಳಿಗ್ಗೆ ನಿಮ್ಮಪ್ಪ ಗದ್ದೆಗೆ ಹೋದ ಮೇಲೆ ಅಕ್ಕನ ಪಟ್ಟಿ ಬಿಚ್ಚಿದೆ.

"ಅಜ್ಜಿ, ಮುಟ್ಬ್ಯಾಡ. ಮೇಡಂ ಬ್ಯಾಡ ಅಂದವ್ರೆ."

"ಮೇಡಂ ಯಾವಾಗ್ಲಮ್ಮಿ ಕಾಲ್ ಮುಂದಾಗಿ ಉಟ್ಟಿದ್ದು? ಸುಮ್ಕೆ ಮಲ್ಗು."

ಮೂರು ಸಲ ಕಾಲಿನಿಂದ ಒತ್ತಿದೆ. ಬಿಸಿ ಹರಳೆಣ್ಣೆ ಹಾಕಿ ಮೇಲಿನಿಂದ ಕೆಳಕ್ಕೆ ನೀವಿದೆ. ಅವಳು ಹೊದಿಕೆಯ ಅಂಚು ಕಚ್ಚಿಕೊಂಡು ಅತ್ತಳು. ಮಧ್ಯಾಹ್ನದ ಹೊತ್ತಿಗೆ ಮಂಡಿ ಮತ್ತೆ ಮೊದಲಿನಷ್ಟೇ ಊದಿತು. ಕೆಟ್ಟ ರಕ್ತ ಮೇಲಕ್ಕೆ ಬರುತ್ತಿದೆ ಎಂದೆ. ಯಾಕೆ ಹಾಗೆ ಹೇಳಿದೆನೋ, ಯಾರೂ ನನಗೆ ಹಾಗೆಂದು ಕಲಿಸಿರಲಿಲ್ಲ. ಮಾರನೇ ದಿನ ಅವಳು ಚಾಪೆಯಿಂದ ದೂರ ಸರಿದು ಕೂತಳು. ನಾನೂ ಬಲವಂತ ಮಾಡಲಿಲ್ಲ.

ಆಮೇಲೆ ಊತ ತಾನಾಗಿಯೇ ಇಳಿಯುತ್ತಾ ಬಂತು. ಹತ್ತು ದಿನಕ್ಕೆ ಗೋಡೆ ಬಿಟ್ಟು ನಡೆದಳು. ಅದು ನನ್ನ ಕೈಗುಣ ಎಂದು ಪಕ್ಕದ ಮನೆಯವಳು ಹೇಳಿದಾಗ ನಾನು ಅಲ್ಲ ಅನ್ನಲಿಲ್ಲ.

ನಿಮ್ಮಪ್ಪ ಕೇಳಿದ, "ಅವ್ವ, ಇವತ್ತು ಡಾಕ್ಟ್ರತ್ರ ಓಗ್ಬೇಕಲ್ವಾ?"

ಆಗ ನಾಲೆಯಲ್ಲಿ ನೀರು ಬಿಟ್ಟಿದ್ದರು. ನಾಟಿಯ ಕೆಲಸ, ಆಳುಗಳು ಬಂದು ನಿಂತಿದ್ದರು. "ಊತ ಇಳ್ದದೆ, ನಡೀತಾವ್ಳೆ. ಇನ್ನೇನ್ ನೋಡಾರು ಅವ್ರು? ಬುಡು, ನಾಟಿ ಮುಗ್ಸ್ಕೊಂಡು ಓಗೀವಂತೆ" ಎಂದೆ. ಅವನು ಅಕ್ಕನ ಮುಖ ನೋಡಿದ. ಅವಳಿಗೂ ಆಸ್ಪತ್ರೆ ಬೇಕಿರಲಿಲ್ಲ. ಅಲ್ಲಿ ಹೋದರೆ ಆಟ ಬೇಡ ಅನ್ನುತ್ತಾರೆ ಎಂಬ ಭಯ. ಊತ ಇಳಿದ ಮೇಲೆ ಬನ್ನಿ ಎಂದು ಅವರು ಹೇಳಿದ್ದರು. ಊತ ಇಳಿದದ್ದನ್ನೇ ನಾವು ಹೋಗದಿರುವುದಕ್ಕೆ ಕಾರಣ ಮಾಡಿಕೊಂಡೆವು. ನಾಟಿ ಮುಗಿದ ಮೇಲೂ ಹೋಗಲಿಲ್ಲ. ಮೇಡಂ ವಿಚಾರಿಸಿದಾಗ ಡಾಕ್ಟರು ಸರಿಹೋಗಿದೆ ಎಂದರು ಅಂತ ಅಕ್ಕನೇ ಸುಳ್ಳು ಹೇಳಿದ್ದು ಆಮೇಲೆ ಗೊತ್ತಾಯಿತು.

ಆಯ್ಕೆಗೆ ಒಂದು ವಾರವಿತ್ತು. ಹಿತ್ತಿಲ ಮೆಟ್ಟಿಲು ಇಳಿಯುವಾಗ ನಿಂತು ಹೇಳಿದಳು, "ಅಜ್ಜಿ, ತಿರುಗ್ದಾಗ ಮಂಡಿ ಜಾರ್ದಂಗಾಯ್ತದೆ. ನಂದಲ್ವೇನೋ ಅನ್ನಂಗೆ."

ಇದನ್ನು ಡಾಕ್ಟರು ಕೇಳಿದ್ದರೆ ಆವತ್ತೇ ಎಂ.ಆರ್.ಐ. ಯಂತ್ರದೊಳಗೆ ಮಲಗಿಸುತ್ತಿದ್ದರು. ನಾನು ಕೇಳಿ ಮಾಡಿದ್ದೇನು? ಕೂರಿಸಿ ಇನ್ನೊಮ್ಮೆ ಮೂರು ಸಲ ಕಾಲಿನಿಂದ ಒತ್ತಿ, "ಓಗಮ್ಮಿ, ಎದ್ರುಕೋಬ್ಯಾಡ" ಎಂದು ಕಳಿಸಿದೆ. ಆ ಸಲ ಅವಳಿಗೆ ನೋವಾಗಲಿಲ್ಲ. ಅವಳು ನಂಬಿದಳು. ನಾನೂ ನಂಬಿದೆ.

ಮಂಡ್ಯದಲ್ಲಿ ಮೊದಲನೇ ಸಲ ಎದುರು ಅಂಕಣಕ್ಕೆ ಹೋದವಳು ವಾಪಸು ತಿರುಗುವಾಗಲೇ ಕುಸಿದಳು. ಈ ಸಲ ಮಂಡಿ ಅರ್ಧ ಮಡಚಿದಲ್ಲೇ ಸಿಕ್ಕಿಕೊಂಡಿತು. ನೇರ ಮಾಡಲು ಹೋದರೆ ಕಿರುಚುತ್ತಿದ್ದಳು. ಅಂಕಣದಿಂದಲೇ ಆಸ್ಪತ್ರೆಗೆ ಒಯ್ದರು. ಮಾರನೇ ದಿನ ಎಂ.ಆರ್.ಐ. ಆಯಿತು.

ಅಲ್ಲಿನ ಮೂಳೆ ಡಾಕ್ಟರು ಪಟಗಳನ್ನು ಬೆಳಕಿಗೆ ಹಿಡಿದು ನಿಮ್ಮಪ್ಪನಿಗೆ ತೋರಿಸಿದರು. ನಾನು ಬಾಗಿಲ ಪಕ್ಕ ನಿಂತಿದ್ದೆ. ಹಗ್ಗ ಪೂರ್ತಿ ಹರಿದಿತ್ತು, ಅದು ಹಳೆಯದು. ಮೆತ್ತೆ ಹರಿದು ಮಡಚಿಕೊಂಡು ಮೂಳೆಗಳ ನಡುವೆ ಸಿಕ್ಕಿತ್ತು, ಅದು ಹೊಸದು.

"ಮೊದಲ ಸಲ ಬಿದ್ದಾಗ ಯಾರೂ ಸ್ಕ್ಯಾನ್ ಹೇಳ್ಲಿಲ್ವಾ?" ಎಂದು ಕೇಳಿದರು.

ನಿಮ್ಮಪ್ಪ, "ಹೇಳಿದ್ರು ಸಾರ್. ನಾವೇ ಓಗ್ಲಿಲ್ಲ" ಎಂದ. ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

"ಹಗ್ಗಕ್ಕೆ ಆಗಲೂ ಆಪರೇಷನ್ ಬೇಕಿತ್ತು. ಆದ್ರೆ ಮೆತ್ತೆ ಉಳೀತಿತ್ತು. ಹಗ್ಗ ಇಲ್ಲದ ಮಂಡಿಲಿ ಆಡಿ ಅದನ್ನ ಕಳ್ಕೊಂಡಿದ್ದಾಳೆ."

ಆಪರೇಷನ್ನಿನಲ್ಲಿ ಒಳಗೆ ನೋಡಿದಾಗ ಮೆತ್ತೆ ಹೊಲಿಯುವಂತಿರಲಿಲ್ಲ. ಬಹುಪಾಲು ಕತ್ತರಿಸಿ ತೆಗೆದರು. ತೊಡೆಯ ಹಿಂಭಾಗದಿಂದ ಎಳೆ ತೆಗೆದು ಹೊಸ ಹಗ್ಗ ಕಟ್ಟಿದರು. ಆಮೇಲೆ ಒಂದು ವರ್ಷ ಅವಳು ಮಾಡಿದ ವ್ಯಾಯಾಮ ನೀವೂ ನೋಡಿದ್ದೀರಿ, ಚಿಕ್ಕವರಿದ್ದಿರಿ. ಬಾಗಿಲ ಚೌಕಟ್ಟಿಗೆ ರಬ್ಬರ್ ಪಟ್ಟಿ ಕಟ್ಟಿ ಕಾಲು ಎಳೆಯುತ್ತಿದ್ದಳು, ನೀವು ಎಣಿಸುತ್ತಿದ್ದಿರಿ. ಒಂದು ದಿನವೂ ತಪ್ಪಿಸಲಿಲ್ಲ. ಅಷ್ಟು ಮಾಡಿ ಅಂಕಣಕ್ಕೆ ಹೋದಳು. ಮಂಡಿ ಜಾರಲಿಲ್ಲ. ಆದರೆ ಸಂಜೆಗೆ ನೀರು ತುಂಬಿ ಊದಿತು. ಹದಿನೈದು ದಿನ ಬಿಟ್ಟು ಹೋದಳು, ಮತ್ತೆ ಊದಿತು. ಮೂರನೇ ಸಲಕ್ಕೆ ಡಾಕ್ಟರು, "ಇನ್ನು ಕಬಡ್ಡಿ ಬಿಡಮ್ಮ. ಮೆತ್ತೆ ಇಲ್ಲದೆ ಮೂಳೆ ಸವೀತಾ ಇದೆ. ಈ ಕಾಲು ನಿನಗೆ ಇನ್ನೂ ಐವತ್ತು ವರ್ಷ ಬೇಕು" ಎಂದರು. ಅವಳು ಸರಿ ಸಾರ್ ಎಂದಳು.

ನಾನು ಆವತ್ತಿನಿಂದ ಯಾರ ಕಾಲನ್ನೂ ಮುಟ್ಟಿಲ್ಲ. ಹೋದ ತಿಂಗಳು ಹೊಣಕೆರೆಯ ಕಡೆಯಿಂದ ಒಬ್ಬಾಕೆ ಮಗಳನ್ನು ಆಟೋದಲ್ಲಿ ಕೂರಿಸಿಕೊಂಡು ಬಂದಿದ್ದಳು, ಪಾದ ಊದಿತ್ತು. ಆಸ್ಪತ್ರೆಗೆ ಕರ್ಕೊಂಡೋಗವ್ವ ಎಂದೆ. "ಅಷ್ಟು ದೂರದಿಂದ ಬಂದಿವ್ನಿ, ಒಂದು ಸಲ ಕಾಲಿಡೋಕೆ ಅಷ್ಟು ಗರ್ವನಾ?" ಎಂದು ಬೈದು ಹೋದಳು. ಆಸ್ಪತ್ರೆಗೆ ಹೋದಳೋ, ಕಾಲು ಮುಂದಾಗಿ ಹುಟ್ಟಿದ ಇನ್ನೊಬ್ಬರ ಬಾಗಿಲಿಗೆ ಹೋದಳೋ, ತಿಳಿಯದು.

ಅಕ್ಕ ಈಗ ದಿನಾ ಶ್ರೀರಂಗಪಟ್ಟಣಕ್ಕೆ ಕಾಲೇಜಿಗೆ ಹೋಗುತ್ತಾಳೆ. ಬಸ್ಸಿನಲ್ಲಿ ನಿಂತು ಬಂದ ದಿನ ಮಂಡಿಯಲ್ಲಿ ನೀರು ತುಂಬಿರುತ್ತದೆ. ಹೀಗೇ ಒಂದು ಸಂಜೆ ಪಕ್ಕದಲ್ಲಿ ಕೂತು ಕೇಳಿದೆ, "ನಿಂಗೆ ನನ್ಮ್ಯಾಲೆ ಕೋಪ ಇಲ್ವೇನಮ್ಮಿ?"

ಅವಳು ಪುಸ್ತಕದಿಂದ ಮುಖ ಎತ್ತಲಿಲ್ಲ. "ಇತ್ತು ಅಜ್ಜಿ. ಈಗ ಅದನ್ನಿಟ್ಕೊಂಡು ಏನ್ ಮಾಡಾದು?"

ಆಮೇಲೆ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದಳು.