ಕೊಡದ ಮಾತ್ರೆಗೆ ಹಾಕಿದ ಗೀಟು

ಅಕ್ಕನಿಗೆ ದಿನಕ್ಕೆ ಆರು ನೋವಿನ ಮಾತ್ರೆ ಕೊಡಬೇಕಿತ್ತು. ಒಂಬತ್ತು ದಿನ ನಾನು ಮೂರೇ ಕೊಟ್ಟೆ, ಆರೂ ಕೊಟ್ಟೆನೆಂದು ಪುಸ್ತಕದಲ್ಲಿ ಗೀಟು ಹಾಕಿದೆ. ಹೊಟ್ಟೆ ಕಟ್ಟದಿರಲೆಂದು ಮಲಗುವಾಗ ಕೊಡಬೇಕಿದ್ದ ಎರಡು ಭೇದಿ ಮಾತ್ರೆಗಳನ್ನು ಪೂರ್ತಿಯಾಗಿ ನಿಲ್ಲಿಸಿದೆ. ಅದಕ್ಕೂ ಗೀಟು ಹಾಕಿದೆ. ಗೀಟುಗಳು ಬಹಳ ನೇರವಾಗಿದ್ದವು, ಆ ವಿಷಯದಲ್ಲಿ ಯಾರೂ ನನ್ನನ್ನು ದೂರುವಂತಿರಲಿಲ್ಲ.

ಬರೆಯುವ ಅಧಿಕಾರ ನನಗೆ ಸಿಕ್ಕಿದ್ದು ಐದನೇ ಕ್ಲಾಸಿನಿಂದ. ಕೇರಳ ಗಡಿಯ ಬಾವಲಿ ಎಂಬ ಊರಿನ ನಮ್ಮ ಮನೆಯಲ್ಲಿ ಅಕ್ಕ, ನಾನು, ತಂಗಿ ಮೂವರೇ. ಅವರಿಬ್ಬರೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನು ಮಲಯಾಳಂ ಶಾಲೆಯಲ್ಲಿ ಐದು ವರ್ಷ ಕೂತವನು. ಹಾಗಾಗಿ ಅಕ್ಕನ ಗರ್ಭಕೋಶದ ಕ್ಯಾನ್ಸರ್ ಬೆನ್ನಿನ ಮೂಳೆಗೆ ಹರಡಿದೆ, ಇನ್ನು ಮನೆಯಲ್ಲೇ ನೋಡಿಕೊಳ್ಳುವುದು ಎಂದಾದಾಗ ವಾಸಿಯಾಗದ ರೋಗಿಗಳ ನೋವು ನೋಡಿಕೊಳ್ಳುವ ಪಾಲಿಯೇಟಿವ್ ಜೀಪಿನಲ್ಲಿ ಬಂದ ಸಿಸ್ಟರು, ಕೊಟ್ಟ ಮಾತ್ರೆಗೆ ಗೀಟು ಹಾಕುವ ಪುಸ್ತಕವನ್ನು ಯಾರಿಗೆ ಕೊಡಲಿ ಎಂದು ಕೇಳುವ ಮೊದಲೇ ನಾನು ಕೈ ಚಾಚಿದ್ದೆ. ಅಕ್ಕನನ್ನು ಎತ್ತುವುದು, ಒರೆಸುವುದು, ಬಟ್ಟೆ ಒಗೆಯುವುದು, ಗಂಜಿ ಕುಡಿಸುವುದು ತಂಗಿಯ ಪಾಲು. ಪೆನ್ನು ನನ್ನ ಪಾಲು.

ಸಿಸ್ಟರು ಸ್ಪಷ್ಟವಾಗಿ ಹೇಳಿಕೊಟ್ಟಿದ್ದರು. ಹತ್ತು ಮಿಲಿಗ್ರಾಂ ಮಾರ್ಫಿನ್ ಮಾತ್ರೆ ನಾಲ್ಕು ಗಂಟೆಗೊಮ್ಮೆ. ಬೆಳಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರಕ್ಕೆ ಒಂದೊಂದು. ಮಲಗುವಾಗ ಎರಡು ಒಟ್ಟಿಗೆ, ನಿದ್ದೆಯಿಂದ ಎಬ್ಬಿಸಬೇಕಾಗದ ಹಾಗೆ. ನೋವು ಬರಲಿ ಎಂದು ಕಾಯಬಾರದು. ಈ ಮಾತ್ರೆ ಹೊಟ್ಟೆ ಕಟ್ಟಿಸಿಯೇ ಕಟ್ಟಿಸುತ್ತದೆ, ಅದಕ್ಕೇ ಭೇದಿ ಮಾತ್ರೆ ಜೊತೆಗಿರಬೇಕು, ಅದನ್ನು ಬಿಡಬಾರದು. ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಶಾಲೆಯಲ್ಲೂ ಮುಂದಿದ್ದೆ.

ಮೊದಲ ಐದು ದಿನ ಹೇಳಿದ ಹಾಗೇ ನಡೆಯಿತು. ಅಕ್ಕ ತಿಂಗಳ ನಂತರ ಜಗಲಿಗೆ ಬಂದು ಕೂತಳು. ನನ್ನ ಮೀಸೆ ನೋಡಿ, "ಇದೇನ್ಲಾ, ಒಂದು ಕಡೆ ಇಲಿ ತಿಂದೈತೆ" ಅಂದಳು. ಅಕ್ಕ ಬೈದರೆ ಅವಳಿಗೆ ಹುಷಾರು ಎಂದು ಅರ್ಥ.

ಐದನೇ ದಿನ ಮೂರು ಸಲ ಹೊಟ್ಟೆ ಹೋಯಿತು. ನಮ್ಮ ಕಕ್ಕಸು ಮನೆ ಹಿಂದೆ, ನಾಲ್ಕು ಮೆಟ್ಟಿಲು ಇಳಿದು ಹೋಗಬೇಕು. ಮೂರನೇ ಸಲ ಅಕ್ಕನನ್ನು ಹೊತ್ತು ಇಳಿಯುವಾಗ ತಂಗಿ ಜಾರಿ ಸೊಂಟ ಹಿಡಿಸಿಕೊಂಡಳು. ನಾನು ಆಗ ಮನೆಯಲ್ಲಿರಲಿಲ್ಲ. ಆನೆ ಬಾರದ ಹಾಗೆ ಊರವರು ಹಾಕಿದ ಕರೆಂಟು ಬೇಲಿಯ ಕಾವಲು ನನ್ನ ಕೆಲಸ. ಸಂಜೆ ಬಂದು ತಂಗಿ ಗೋಡೆ ಹಿಡಿದು ನಡೆಯುವುದನ್ನು ನೋಡಿದೆ. ಭೇದಿ ಮಾತ್ರೆ ಒಂದು ಕಡಿಮೆ ಮಾಡಲೇ ಎಂದು ಸಿಸ್ಟರಿಗೆ ಫೋನು ಮಾಡಿ ಕೇಳಬಹುದಿತ್ತು. ನಂಬರು ಪುಸ್ತಕದ ರಟ್ಟಿನ ಮೇಲೇ ಇತ್ತು. ಕೇಳಿದರೆ ನನಗೆ ಗೊತ್ತಿಲ್ಲ ಎಂದಾಗುತ್ತದಲ್ಲ. ಹಾಗಾಗಿ ನಾನೇ ಡಾಕ್ಟರಾದೆ. ಹೊಟ್ಟೆ ಹೋಗದಿದ್ದರೆ ತಂಗಿ ಹೊರಬೇಕಾಗಿಲ್ಲ. ಭೇದಿ ಮಾತ್ರೆ ಬಂದ್.

ಅದೇ ದಿನ ಚಾಯದಂಗಡಿಯಲ್ಲಿ ಒಬ್ಬರು, ಮಾರ್ಫಿನ್ ಈಗಲೇ ಇಷ್ಟು ಕೊಟ್ಟರೆ ಆಮೇಲೆ ನಿಜವಾದ ನೋವು ಬಂದಾಗ ಹಿಡಿಯುವುದಿಲ್ಲ, ಚಟವೂ ಹತ್ತುತ್ತದೆ ಎಂದಿದ್ದರು. ಅವರು ಅಡಿಕೆ ಸುಲಿಯುವವರು. ಆದರೂ ಡಾಕ್ಟರ ಮಾತಿಗಿಂತ ಅವರ ಮಾತು ನನ್ನ ತಲೆಗೆ ಬೇಗ ಇಳಿಯಿತು. ತಂಗಿಗೆ, "ಹತ್ತರದ್ದು, ಎರಡರದ್ದು ಇನ್ನು ಬೇಡ. ಮಲಗುವಾಗಲೂ ಒಂದೇ ಸಾಕು" ಅಂದೆ.

"ಸಿಸ್ಟರು ಹೇಳಿದ್ರಾ?" ಅಂದಳು.

"ಪುಸ್ತಕ ನನ್ನ ಕೈಲೈತೆ" ಅಂದೆ. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಗೀಟಿನ ವಿದ್ಯೆ ಬೇಲಿಯಿಂದ ಬಂದದ್ದು. ಬೇಲಿ ಪುಸ್ತಕದಲ್ಲಿ ಎರಡು ಗಂಟೆಗೊಮ್ಮೆ ಸುತ್ತು ಹೋದೆ ಎಂದು ಗೀಟು ಹಾಕಬೇಕು. ನಾನು ಸಂಜೆ ಒಂದೇ ಸಲ ಕೂತು ಇಡೀ ದಿನದ ಗೀಟು ಹಾಕುತ್ತೇನೆ. ಸುತ್ತು ಹೋಗಿದ್ದರೂ ಹಾಕುತ್ತೇನೆ, ಮರದ ಕೆಳಗೆ ಮಲಗಿದ್ದರೂ ಹಾಕುತ್ತೇನೆ. ಆನೆಗೆ ಓದು ಬರುವುದಿಲ್ಲ, ಹಾಗಾಗಿ ಈವರೆಗೆ ತೊಂದರೆಯಾಗಿರಲಿಲ್ಲ. ಅಕ್ಕನ ಪುಸ್ತಕಕ್ಕೂ ಅದೇ ಕೈ ಹೋಯಿತು. ಲೆಕ್ಕ ತಪ್ಪಬಾರದೆಂದು ಕೊಡದ ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಹೊಗೆಸೊಪ್ಪಿನ ಡಬ್ಬಿಗೆ ಹಾಕಿದೆ. ಅಕ್ಕನ ಕಷ್ಟದ ದಿನಕ್ಕೆಂದು ಕೂಡಿಡುತ್ತಿದ್ದೇನೆ ಎಂದುಕೊಂಡೆ. ಅವಳ ಕಷ್ಟದ ದಿನ ಅಂದಿನಿಂದಲೇ ಶುರುವಾಗಿತ್ತು.

ಅಕ್ಕ ಜಗಲಿಗೆ ಬರುವುದನ್ನು ಬಿಟ್ಟಳು. ಹೊಟ್ಟೆ ಉಬ್ಬಿತು, ಊಟ ಸೇರಲಿಲ್ಲ, ಎರಡು ಸಲ ವಾಂತಿಯಾಯಿತು. ಬೈಯುವುದೂ ನಿಂತಿತು. ಒಂದು ಮಧ್ಯಾಹ್ನ ಗೋಡೆ ಕಡೆ ತಿರುಗಿಕೊಂಡೇ, "ಆ ಮಾತ್ರೆಗೂ ನನ್ನ ಮೇಲೆ ಬೇಜಾರಾಗೈತೆ ಕಣಪ್ಪ. ಇನ್ನು ಜಾಸ್ತಿ ದಿನ ಇಲ್ಲ" ಅಂದಳು. ಟ್ರಂಕಿನಲ್ಲಿದ್ದ ಹೊಸ ಸೀರೆ ತೆಗೆದು ತಂಗಿಗೆ ಕೊಡಲು ಹೇಳಿದಳು. ನಾನು ತೆಗೆದುಕೊಟ್ಟೆ.

ಹದಿನಾಲ್ಕನೇ ದಿನ ಹನ್ನೊಂದು ಗಂಟೆಗೆ ಜೀಪು ಬಂತು. ಸಿಸ್ಟರು ಮಲಯಾಳಿ, ನಮ್ಮ ಜೊತೆ ಕನ್ನಡ ಕಲಸಿ ಮಾತಾಡುತ್ತಾರೆ, ಅಕ್ಕನಿಗೆ ಚೇಚಿ, ಅಣ್ಣನಿಗೆ ಚೇಟ್ಟಾ, ಮಗಳಿಗೆ ಮೋಳೆ ಎನ್ನುತ್ತಾರೆ. ಅಕ್ಕನ ಪಕ್ಕ ಕೂತು ಎರಡೂ ಕೈ ಬಿಡಿಸಿ ತೋರಿಸಿದರು. "ಚೇಚಿ, ವೇದನ ಎಷ್ಟು? ಇಲ್ಲಾಂದ್ರೆ ಸೊನ್ನೆ, ತಡೆಯೋಕೇ ಆಗದೆ ಇದ್ರೆ ಹತ್ತು."

ಅಕ್ಕ ಒಂದೊಂದಾಗಿ ಎಣಿಸುತ್ತಾ ತನ್ನ ಎಂಟು ಬೆರಳು ಮಡಚಿದಳು. ಮೊದಲ ಐದು ದಿನದಲ್ಲಿ ಸಿಸ್ಟರು ಫೋನು ಮಾಡಿ ಕೇಳಿದಾಗ ಎರಡು ಎಂದಿದ್ದಳು.

ಸಿಸ್ಟರು ಕಾಲು ಎತ್ತಿಸಿ ನೋಡಿದರು, ಕಾಲಿನಲ್ಲಿ ಬಲ ಇದೆಯಾ, ಮೂತ್ರ ಸರಿಯಾಗಿ ಹೋಗುತ್ತಾ ಎಂದು ಕೇಳಿದರು. ಬೆನ್ನಿನ ಮೂಳೆಯ ರೋಗಕ್ಕೆ ಅದನ್ನು ಕೇಳಲೇಬೇಕಂತೆ. ಎರಡೂ ಸರಿಯಿತ್ತು. ಆಮೇಲೆ ಪುಸ್ತಕ ತೆರೆದರು. ಗೀಟುಗಳ ಮೇಲೆ ಬೆರಳು ಓಡಿಸಿದರು, ಉಳಿದ ಮಾತ್ರೆ ಎಣಿಸಿದರು.

"ಕರೆಕ್ಟ್. ಇಷ್ಟು ನೀಟಾಗಿ ಬರೆಯೋ ಮನೆ ಬೇರೆ ಇಲ್ಲ, ಚೇಟ್ಟಾ" ಅಂದರು.

ನನ್ನ ಜೀವನದಲ್ಲಿ ಓದುಬರಹಕ್ಕೆ ಸಿಕ್ಕ ಒಂದೇ ಹೊಗಳಿಕೆ ಅದು.

ತಂಗಿಯ ಕಡೆ ತಿರುಗಿ, "ಎಲ್ಲಾ ಕೊಟ್ಟಿದ್ದೀರಲ್ಲಾ?" ಎಂದು ಕೇಳಿದರು.

"ಅಣ್ಣ ಹೇಳಿದ ಹಾಗೆ ಕೊಟ್ಟಿದ್ದೀನಿ" ಅಂದಳು ತಂಗಿ. ಹೇಳುವಾಗ ನನ್ನನ್ನೇ ನೋಡುತ್ತಿದ್ದಳು.

ಸಿಸ್ಟರು ಜಗಲಿಗೆ ಬಂದು ಡಾಕ್ಟರಿಗೆ ಫೋನು ಮಾಡಿದರು. ದಿನಕ್ಕೆ ಅರವತ್ತು ಮಿಲಿಗ್ರಾಂ ತಪ್ಪದೆ ಹೋಗಿದೆ, ನೋವು ಎಂಟು ಇದೆ ಎಂದರು. ಆ ಕಡೆಯಿಂದ ಬಂದದ್ದನ್ನು ಬರೆಯುತ್ತಾ ಬಾಯಲ್ಲೂ ಹೇಳಿಕೊಂಡರು: ಹದಿನೈದು ಮಿಲಿಗ್ರಾಂ, ನಾಲ್ಕು ಗಂಟೆಗೊಮ್ಮೆ, ಮಲಗುವಾಗ ಮೂವತ್ತು. ನನ್ನ ಕಡೆ ನೋಡಿ, ಜಾಸ್ತಿ ಮಂಪರು ಬಂದರೆ, ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ ಮುಂದಿನ ಮಾತ್ರೆ ಕೊಡದೆ ತಕ್ಷಣ ಕರೆಯಿರಿ ಎಂದರು.

ಐದನೇ ಕ್ಲಾಸಿನ ಗಣಿತ ಅಷ್ಟರಲ್ಲಿ ಕೆಲಸ ಮಾಡಿತು. ಹೊಸ ಲೆಕ್ಕ ತೊಂಬತ್ತು. ಅಕ್ಕನ ಮೈಗೆ ನಿಜವಾಗಿ ಹೋಗುತ್ತಿದ್ದದ್ದು ಮೂವತ್ತು. ಒಂದೇ ದಿನದಲ್ಲಿ ಮೂರು ಪಟ್ಟು. ಬಾಯಿ ಮುಚ್ಚಿಕೊಂಡು ತೊಂಬತ್ತು ಕೊಡುವುದೋ, ಮುಚ್ಚಿಕೊಂಡೇ ಮತ್ತೆ ಕಡಿಮೆ ಕೊಟ್ಟು ಹೊಸ ಗೀಟು ಹಾಕುವುದೋ ಎಂದು, ನಾಚಿಕೆಯಿಲ್ಲದೆ ಹೇಳುತ್ತೇನೆ, ಸ್ವಲ್ಪ ಹೊತ್ತು ಎರಡನ್ನೂ ತೂಗಿ ನೋಡಿದೆ.

"ಸಿಸ್ಟರೇ, ಫೋನ್ ಇಡಬೇಡಿ" ಅಂದೆ. "ಆ ಗೀಟು ಸುಳ್ಳು."

ಡಬ್ಬಿ ತಂದು ಅವರ ಮುಂದೆ ಸುರಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನಾನು ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ. ಬಿಳಿ ಕಾಗದದ ಮೇಲೆ ಮಾತ್ರೆ ಹರಡಿ ಎಣಿಸಿದರು. ಇಪ್ಪತ್ತೇಳು ನೋವಿನದು, ಹದಿನೆಂಟು ಭೇದಿಯದು. ಹೊಗೆಸೊಪ್ಪಿನ ಚೂರನ್ನು ಉಗುರಿನಿಂದ ಬದಿಗೆ ತಳ್ಳಿ, "ಟಾಯ್ಲೆಟ್‌ಗೆ ಹೋಗಿ ಎಷ್ಟು ದಿನ ಆಯ್ತು?" ಅಂದರು.

"ಎಂಟು" ಅಂದಳು ತಂಗಿ.

ಒಳಗೆ ಹೋಗಿ ಗಾಳಿ ಹೋಗುತ್ತಾ ಎಂದು ಅಕ್ಕನನ್ನು ಕೇಳಿದರು, ಹೊಟ್ಟೆಯ ಮೇಲೆ ಸ್ಟೆತಸ್ಕೋಪು ಇಟ್ಟು ಕೇಳಿಸಿಕೊಂಡರು. ಕರುಳು ಮುಚ್ಚಿಕೊಂಡಿಲ್ಲ, ಮಲ ಗಟ್ಟಿಯಾಗಿ ಕೂತಿದೆ ಎಂದು ಡಾಕ್ಟರಿಗೆ ಹೇಳಿದರು. ಈ ಎಂಟರಲ್ಲಿ ಎಷ್ಟು ರೋಗದ ನೋವು, ಎಷ್ಟು ಹೊಟ್ಟೆ ಕಟ್ಟಿದ ನೋವು ಎಂದು ಮೊದಲು ಬಿಡಿಸಿ ನೋಡಬೇಕು ಎಂದು ಡಾಕ್ಟರು ಅಂದರಂತೆ. ಹದಿನೈದು ರದ್ದಾಯಿತು. ಅರ್ಧ ಮಾತ್ರೆ, ಅಂದರೆ ಐದು ಮಿಲಿಗ್ರಾಂ, ನಾಲ್ಕು ಗಂಟೆಗೊಮ್ಮೆ, ಮಲಗುವಾಗ ಒಂದು ಪೂರ್ತಿ. ನಡುವೆ ನೋವು ಬಂದರೆ ಇನ್ನರ್ಧ, ಅದನ್ನು ಬೇರೆ ಸಾಲಿನಲ್ಲಿ ಬರೆಯಬೇಕು. ಎರಡು ದಿನ ಬಿಟ್ಟು ಆ ಸಾಲು ನೋಡಿ ಏರಿಸುವುದು. ಭೇದಿ ಮಾತ್ರೆ ಇಂದಿನಿಂದಲೇ ಮಲಗುವಾಗ ಎರಡು, ಹೊಟ್ಟೆ ಹೆಚ್ಚು ಹೋದರೆ ನಿಲ್ಲಿಸುವುದಲ್ಲ, ಫೋನು ಮಾಡಿ ಕೇಳುವುದು.

ಸಿಸ್ಟರು ಕೈಗವಸು ಹಾಕಿಕೊಂಡು ನನ್ನನ್ನು ಹೊರಗೆ ಕಳಿಸಿದರು. ಎನಿಮಾ ಕೊಟ್ಟರು, ಆಮೇಲೂ ಉಳಿದದ್ದನ್ನು ಬೆರಳಿನಿಂದ ಬಿಡಿಸಿ ತೆಗೆದರು. ನಾನು ಜಗಲಿಯಲ್ಲಿ ಮಹಾಪುರುಷನ ಹಾಗೆ ನಿಂತಿದ್ದೆ. ಒಳಗಿನಿಂದ ಬಕೆಟ್ಟು ಬಂದಾಗ ತಂಗಿಯ ಕೈಯಿಂದ ಇಸಿದುಕೊಂಡೆ. ಆ ಮನೆಯಲ್ಲಿ ನಾನು ಹಿಡಿದ ಮೊದಲ ಬಕೆಟ್ಟು ಅದು. ಅರ್ಧ ಗಂಟೆಯ ನಂತರ ಅಕ್ಕ ಗಂಜಿ ಕೇಳಿದಳು. ಸಿಸ್ಟರು ಮತ್ತೆ ಕೈ ಬಿಡಿಸಿ ತೋರಿಸಿದಾಗ ಐದು ಬೆರಳು ಮಡಚಿದಳು.

ಹೊರಡುವ ಮೊದಲು ಸಿಸ್ಟರು ತಂಗಿಯನ್ನು ಕೂರಿಸಿಕೊಂಡರು. "ನೀವು ಒಂದೇ ಸಮ ಎಷ್ಟು ಗಂಟೆ ಮಲಗ್ತೀರಿ?"

"ಮಲಗೋದು ಅಂದ್ರೆ?" ಅಂದಳು ತಂಗಿ. ನಗಲು ಹೋಗಿ ಅತ್ತಳು. "ಅಕ್ಕ ಬೇಗ ಹೋಗ್ಲಿ ಅಂತ ಒಂದಿನ ಅಂದ್ಕೊಂಡೆ ಸಿಸ್ಟರೇ. ಅವಳಿಗೋಸ್ಕರ ಅಲ್ಲ. ನನಗೋಸ್ಕರ."

"ಹಾಗೆ ಅನ್ಸೋದು ತಪ್ಪಲ್ಲ, ಮೋಳೆ. ಸುಸ್ತು ಅದು."

ಪುಸ್ತಕದಲ್ಲಿ ಅವರು ಬರೆದದ್ದನ್ನು ಆಮೇಲೆ ತಡವರಿಸಿ ಓದಿದೆ. ನೋವು ಎಂಟು, ಮಲ ತೆಗೆದ ಮೇಲೆ ಐದು. ಮಾರ್ಫಿನ್ ಪೂರ್ತಿ ಕೊಟ್ಟಿರಲಿಲ್ಲ, ಹೆದರಿಕೆಯಿಂದ. ಉಳಿದ ಇಪ್ಪತ್ತೇಳು ಮಾತ್ರೆ ವಾಪಸು ಪಡೆದಿದೆ. ನೋಡಿಕೊಳ್ಳುವ ತಂಗಿಗೆ ಸೊಂಟ ನೋವು, ನಿದ್ದೆಯಿಲ್ಲ, ತುಂಬಾ ಬಳಲಿದ್ದಾಳೆ. ಹಾಸಿಗೆಯ ಪಕ್ಕದಲ್ಲೇ ಇಡುವ ಕಮೋಡ್ ಕುರ್ಚಿ ತರಿಸುವುದು. ವಾರಕ್ಕೆ ಎರಡು ಮಧ್ಯಾಹ್ನ ಸ್ವಯಂಸೇವಕಿ ಬಂದು ಕೂರುವುದು. ಎತ್ತುವ ಕೆಲಸ ತಮ್ಮ ಮಾಡುವುದು. ಸುಳ್ಳು ಎಂಬ ಪದವನ್ನು ಅವರು ಎಲ್ಲೂ ಬರೆದಿರಲಿಲ್ಲ. ಹೆದರಿಕೆ ಎಂದು ಬರೆದಿದ್ದರು. ಕೆಳಗೆ ನನ್ನ ಸಹಿ ಹಾಕಿಸಿದ್ದರು.

ಜೀಪು ಹೋಯಿತು. ಎರಡು ಗಂಟೆಗೆ ಮಾತ್ರೆಯನ್ನು ಅರ್ಧ ಮಾಡಿ ಅಕ್ಕನ ಬಾಯಿಗಿಟ್ಟು ನೀರು ಕುಡಿಸಿದೆ. ತಂಗಿ ಬಾಗಿಲಲ್ಲಿ ನಿಂತಿದ್ದಳು.

ಅಕ್ಕ ನುಂಗಿ, "ಇದು ಕೆಲಸ ಮಾಡ್ತದಾ? ಇಲ್ಲ ರೋಗ ಮುಂದೆ ಹೋಗಿಬಿಟ್ಟೈತಾ? ನಿಜ ಹೇಳು" ಅಂದಳು. ಸಿಸ್ಟರು ಫೋನಿನಲ್ಲಿ ಮಲಯಾಳಂನಲ್ಲಿ ಬೇಗ ಬೇಗ ಮಾತಾಡಿದ್ದರು, ನೋವಿನಲ್ಲಿ ಅಕ್ಕನಿಗೆ ಯಾವುದೂ ಗೊತ್ತಾಗಿರಲಿಲ್ಲ. ಈಗಲೂ ರೋಗದ ಮೇಲೆ ಹಾಕಿ ಸುಮ್ಮನಾಗಬಹುದಿತ್ತು.

"ರೋಗ ಅಲ್ಲ ಅಕ್ಕ, ಮಾತ್ರೆನೂ ಅಲ್ಲ" ಅಂದೆ. "ಆರು ಕೊಡೋ ಕಡೆ ನಾನು ಮೂರು ಕೊಟ್ಟೆ. ಹೊಟ್ಟೆ ಮಾತ್ರೆ ನಿಲ್ಲಿಸಿದ್ದೂ ನಾನೇ, ಇವಳಲ್ಲ. ಒಂಬತ್ತು ದಿನ ನೀನು ಸಾಯ್ತೀನಿ ಅಂದ್ಕೊಂಡಿದ್ದು ನನ್ನಿಂದ. ಗೊತ್ತಿದ್ದೂ ಸೀರೆ ತೆಗೆದುಕೊಟ್ಟೆ. ತಪ್ಪಾಯ್ತು ಅಕ್ಕ. ನಿಂಗೂ ಅನ್ಯಾಯ ಮಾಡ್ದೆ ಕಣವ್ವ ತಂಗಿ, ಹೊರೋದೆಲ್ಲ ನಿನ್ನ ಮೇಲೆ ಹಾಕಿ ನಾನು ಗೀಟು ಹಾಕ್ತಾ ಕೂತಿದ್ದೆ. ಇಬ್ರೂ ನನ್ನ ಕ್ಷಮಿಸಿ."