ಬಿಟ್ಟುಕೊಟ್ಟ ಹಳದಿ

ಡಾಕ್ಟರ್ ಹೇಳಿದರು, ಅಮ್ಮ ಒಪ್ಪಿದಳು, ಬಸುರಿ ಅಕ್ಕ ಮೊಟ್ಟೆ ತಿಂದಳು. ನಮ್ಮ ನೆಂಟರಲ್ಲಿ ಈಗ ಓಡಾಡುತ್ತಿರುವ ಕಥೆ ಇಷ್ಟೇ. ಲಿಂಗಪೂಜೆ ತಪ್ಪದ ಮನೆ, ಆದರೂ ಎಷ್ಟು ಮುಂದುವರಿದವರು ನೋಡಿ ಎಂಬ ಮೆಚ್ಚುಗೆಯೂ ಅದರ ಜೊತೆಗಿದೆ. ಆ ಕಥೆಯ ಮೂರು ಮಾತುಗಳಲ್ಲಿ ಮೊದಲ ಎರಡನ್ನು ನಾನು ಒಪ್ಪುತ್ತೇನೆ. ಮೂರನೆಯದು ಏಳು ವಾರಗಳ ಮಟ್ಟಿಗೆ ಸುಳ್ಳು. ಆ ಸುಳ್ಳಿಗೆ ಕಾರಣ ನಾನು.

ಅಕ್ಕ ಬಿಟಿಎಂ ಲೇಔಟಿನ ತನ್ನ ಫ್ಲ್ಯಾಟಿನಿಂದ ಬನಶಂಕರಿಯ ನಮ್ಮ ಮನೆಗೆ ಬಂದಾಗ ಅವಳಿಗೆ ನಾಲ್ಕನೇ ತಿಂಗಳು. ವಾಂತಿಯಿಂದ ಸೊರಗಿದ್ದಳು. ಡಾಕ್ಟರ್ ಚೀಟಿ ಬರೆಯುತ್ತಲೇ, ತಲೆ ಎತ್ತದೆ, "ಪ್ರೋಟೀನ್ ಸಾಲ್ತಿಲ್ಲ. ದಿನಾ ಎರಡು ಮೊಟ್ಟೆ ತಿನ್ನಿ" ಎಂದಿದ್ದರು. ಅಂದು ಸಂಜೆ ನಮ್ಮ ಊಟದ ಮೇಜೇ ಚರ್ಚಾಸ್ಪರ್ಧೆಯ ವೇದಿಕೆಯಾಯಿತು. ಕಾಲೇಜಿನ ಡಿಬೇಟ್ ತಂಡದಲ್ಲಿ ಮೂರು ವರ್ಷ ಪಳಗಿದವಳು ನಾನು. ಎದುರಾಳಿ ಅಮ್ಮ.

"ಬೇಳೆ ಇದೆ, ಹಾಲಿದೆ, ಕಾಳಿದೆ. ನಾನು ನಿಮ್ಮಿಬ್ಬರನ್ನ ಹೆತ್ತಿದ್ದು ಏನು ತಿಂದು?" ಎಂದಳು ಅಮ್ಮ.

"ಅದಕ್ಕೇ ಅಮ್ಮ ನಾನು ಹಿಂಗಿರೋದು."

"ಬಾಯಿಗೆ ಮಾತ್ರ ಪ್ರೋಟೀನ್ ಜಾಸ್ತಿ ಆಗಿದೆ ನಿಂಗೆ."

ಅಮ್ಮನ ನಿಜವಾದ ತಕರಾರು ಸ್ವಲ್ಪ ಹೊತ್ತಿನ ಮೇಲೆ ಹೊರಬಿತ್ತು. ಮೊಟ್ಟೆಯ ಹಳದಿಯೇ ಮರಿ. ಬಿಳಿ ಅದರ ಸುತ್ತಲಿನ ನೀರಿದ್ದಂತೆ. ಮರಿಯನ್ನು ಬೇಯಿಸುವುದು ತನ್ನ ಕೈಲಾಗದು. ಡಿಬೇಟಿನಲ್ಲಿ ನಮಗೆ ಕಲಿಸಿದ್ದ ಒಂದು ಉಪಾಯವಿದೆ: ಎದುರಾಳಿ ಬಿಗಿಯಾಗಿ ಹಿಡಿದದ್ದು ಸಣ್ಣ ಅಂಶವಾದರೆ ಅದನ್ನು ಧಾರಾಳವಾಗಿ ಬಿಟ್ಟುಕೊಡು, ದೊಡ್ಡದನ್ನು ಗೆಲ್ಲು. ನಾನು ಬಿಟ್ಟುಕೊಟ್ಟೆ.

"ಸರಿ, ಹಳದಿ ಬೇಡ. ಅದ್ರಲ್ಲಿ ಬರೀ ಕೊಲೆಸ್ಟ್ರಾಲ್. ಪ್ರೋಟೀನ್ ಇರೋದು ಬಿಳೀಲಿ. ಬಿಳಿ ಮಾತ್ರ ತಿನ್ಲಿ."

ಜಿಮ್ಮಿಗೆ ಹೋಗುವ ಗೆಳೆಯರು ಹೇಳುತ್ತಿದ್ದ ಮಾತು ಅದು. ಎಲ್ಲದಕ್ಕೂ ಪುರಾವೆ ಕೇಳುವ ನಾನು ಇದೊಂದಕ್ಕೆ ಕೇಳಿರಲಿಲ್ಲ. ಅಮ್ಮ ಒಪ್ಪಿದಳು. ಅಕ್ಕ ಸೋಫಾದ ಮೂಲೆಯಲ್ಲಿ ನಿಂಬೆಹಣ್ಣು ಮೂಸುತ್ತ ಕೂತಿದ್ದಳು.

ವ್ಯವಸ್ಥೆ ಪಕ್ಕಾ ಇತ್ತು. ಮೊಟ್ಟೆ ತರುತ್ತಿದ್ದುದು ನಾನು, ಅದೂ ಯಾರೂ ಗುರುತು ಹಿಡಿಯದ ಕತ್ರಿಗುಪ್ಪೆಯ ಅಂಗಡಿಯಿಂದ, ಬ್ಯಾಗಿನೊಳಗೆ ಪೇಪರಿನಲ್ಲಿ ಸುತ್ತಿ. ಬೇಯುತ್ತಿದ್ದುದು ಅಡುಗೆಮನೆಯಲ್ಲಲ್ಲ, ವಾಷಿಂಗ್ ಮಷಿನ್ ಪಕ್ಕ, ಇಂಡಕ್ಷನ್ ಒಲೆಯ ಮೇಲೆ, ಬೇರೆಯದೇ ಪಾತ್ರೆಯಲ್ಲಿ. ಸುಲಿದು, ಸೀಳಿ, ಎರಡು ಹಳದಿ ಉಂಡೆಗಳನ್ನು ಗೇಟಿನ ಮುಂದಿನ ಕಂದು ನಾಯಿಗೆ ಹಾಕುತ್ತಿದ್ದೆ. ಅಕ್ಕನಿಗೆ ನಾಲ್ಕು ಬಿಳಿ ದೊನ್ನೆಗಳು, ಮೇಲೆ ಮೆಣಸಿನಪುಡಿ. ಏಳು ವಾರಗಳಲ್ಲಿ ನಾಯಿಯ ಮೈ ರೇಷ್ಮೆಯಂತಾಯಿತು. ಎದುರು ಮನೆಯ ಅಂಕಲ್ ಒಮ್ಮೆ ನಿಲ್ಲಿಸಿ, "ಏನಮ್ಮಾ ಹಾಕ್ತೀರಾ ಇದಕ್ಕೆ? ಸಖತ್ತಾಗಿದೆ!" ಎಂದು ಕೇಳಿದ್ದರು.

ಆರನೇ ತಿಂಗಳ ತಪಾಸಣೆಗೆ ನಾವು ಮೂವರೂ ಜಯನಗರದ ನರ್ಸಿಂಗ್ ಹೋಮಿಗೆ ಹೋದಾಗ ಅಕ್ಕನನ್ನು ಆಹಾರ ತಜ್ಞೆಯ ಬಳಿ ಕಳಿಸಿದರು. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆ, ಮೂರು ಕುರ್ಚಿ. ಆ ತಜ್ಞೆ ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಅಕ್ಕ ತಿನ್ನುವುದನ್ನೆಲ್ಲ ಬರೆದುಕೊಂಡರು.

"ಮೊಟ್ಟೆ?"

"ದಿನಾ ಎರಡು ಮೇಡಂ," ಎಂದು ನಾನೇ ಹೆಮ್ಮೆಯಿಂದ ಉತ್ತರಿಸಿದೆ.

"ಪೂರ್ತೀನಾ?"

"ಬಿಳಿ ಮಾತ್ರ," ಎಂದೆ. ಅವರು ಪೆನ್ನು ಕೆಳಗಿಟ್ಟರು. "ಹಳದಿ ಎಲ್ಲಿಗೆ ಹೋಗ್ತಿದೆ?"

"ನಾಯಿಗೆ," ಎಂದಳು ಅಕ್ಕ.

ಅವರು ನಕ್ಕುಬಿಟ್ಟರು. ಆಮೇಲೆ ಕೋಲೀನ್ ಎಂಬ ಪೋಷಕಾಂಶದ ಹೆಸರನ್ನು ನಾನು ಮೊದಲ ಸಲ ಕೇಳಿದೆ. ಒಂದು ಮೊಟ್ಟೆಯಲ್ಲಿ ಸುಮಾರು ನೂರೈವತ್ತು ಮಿಲಿಗ್ರಾಂ ಇರುತ್ತದೆ, ಹೆಚ್ಚುಕಡಿಮೆ ಅಷ್ಟೂ ಹಳದಿಯಲ್ಲೇ. ಬಸುರಿಗೆ ದಿನಕ್ಕೆ ನಾನೂರೈವತ್ತರಷ್ಟು ಬೇಕು. ಮಗುವಿನ ಜೀವಕೋಶಗಳ ಪೊರೆ ಕಟ್ಟಲು, ಮೆದುಳು ಮತ್ತು ಬೆನ್ನುಹುರಿ ಬೆಳೆಯಲು ಅದು ಬೇಕು. ತಾಯಿಯ ರಕ್ತದಿಂದ ಮಾಸು, ಅಂದರೆ ಪ್ಲಾಸೆಂಟಾ, ಅದನ್ನು ಎಳೆದೆಳೆದು ಮಗುವಿಗೆ ಕೊಡುತ್ತದೆ. ತಾಯಿಯ ಲಿವರ್ ಸ್ವಲ್ಪ ತಯಾರಿಸುತ್ತದೆ, ಆದರೆ ಸಾಲುವಷ್ಟಲ್ಲ.

ನಾನು ಸೋಲುವ ಪೈಕಿಯಲ್ಲ. "ಫೋಲಿಕ್ ಆಸಿಡ್ ತಗೊಂಡಿದಾಳಲ್ಲ ಮೇಡಂ?"

"ಅವೆರಡೂ ಅಕ್ಕಪಕ್ಕದ ಕೆಲಸ ಮಾಡ್ತವೆ. ಆದ್ರೆ ಒಂದಿದ್ರೆ ಇನ್ನೊಂದು ಬೇಡ ಅಂತಲ್ಲ. ಮಾತ್ರೆ ತಂದಿದೀರಾ?"

ಅಕ್ಕ ಕೈಚೀಲದಿಂದ ಮಾತ್ರೆಯ ಹಾಳೆಗಳನ್ನು ತೆಗೆದಳು. ಅವರು ಒಂದೊಂದನ್ನೇ ತಿರುಗಿಸಿ ನನ್ನ ಕೈಗೆ ಕೊಟ್ಟರು. ಕಬ್ಬಿಣ, ಕ್ಯಾಲ್ಸಿಯಂ, ಫೋಲಿಕ್, ಡಿ ವಿಟಮಿನ್. ಕೋಲೀನ್ ಎಲ್ಲೂ ಇರಲಿಲ್ಲ.

"ಅಂದ್ರೆ ಹಳದಿ ತಿಂದ್ರೆ ಮಗು ಜಾಣ ಆಗುತ್ತೆ ಅಂತೀರಾ?" ನಾನು ಬಿಡಲಿಲ್ಲ.

"ಅಷ್ಟು ದೊಡ್ಡ ಮಾತು ಹೇಳೋಷ್ಟು ಪುರಾವೆ ಇನ್ನೂ ಇಲ್ಲ. ಬೇಕಾದಷ್ಟು ಸಿಗಲಿ ಅಂತೀನಿ, ಅಷ್ಟೇ."

ಆ ಉತ್ತರ ಕೇಳಿದ ಮೇಲೆ ನಾನು ಅವರನ್ನು ಪೂರ್ತಿ ನಂಬಿದೆ.

ಅಲ್ಲಿಯವರೆಗೆ ಸೆರಗಿನ ತುದಿ ಸುತ್ತುತ್ತಿದ್ದ ಅಮ್ಮ ಕೇಳಿದಳು, "ಹಳದೀನೇ ಮರಿ ಅಲ್ವೇನಮ್ಮಾ?"

"ಅಲ್ಲ ಆಂಟಿ. ಹುಂಜ ಸೇರಿದ ಮೊಟ್ಟೆ ಆದ್ರೆ, ಹಳದಿ ಮೇಲೆ ಒಂದು ಸಣ್ಣ ಚುಕ್ಕಿ ಇರುತ್ತಲ್ಲ, ಅದ್ರಿಂದ ಮರಿ ಆಗೋದು. ಹಳದಿ ಆ ಮರಿಗೆ ಕಟ್ಟಿಟ್ಟ ಬುತ್ತಿ. ಅಂಗಡಿ ಮೊಟ್ಟೇಲಿ ಸಾಮಾನ್ಯವಾಗಿ ಮರಿ ಆಗೋ ಮಾತೇ ಇಲ್ಲ, ಆ ಕೋಳಿಗಳು ಹುಂಜದ ಮುಖಾನೇ ನೋಡಿರಲ್ಲ."

"ಪಾಪ," ಎಂದಳು ಅಮ್ಮ. ಯಾರಿಗೆ ಎಂದು ನಾನು ಕೇಳಲಿಲ್ಲ.

ಬುತ್ತಿಯಲ್ಲಿ ಇನ್ನೇನಿದೆ ಎಂದು ವಿಚಾರಿಸಿದ್ದು ಅಕ್ಕ. ಬಿ ಹನ್ನೆರಡು, ಎ, ಡಿ ವಿಟಮಿನ್‌ಗಳು, ಅಯೋಡಿನ್. ಆ ಬಣ್ಣದಲ್ಲಿ ಲುಟೀನ್ ಎಂಬ ವಸ್ತು. ಕೋಳಿ ತಿಂದ ಜೋಳದಿಂದ ಬಂದು, ನಮ್ಮ ಕಣ್ಣಿನ ಹಿಂಪರದೆಯ ನಡುವಿನಲ್ಲಿ ಕೂರುತ್ತದಂತೆ. "ಲುಟೀನ್ ಲೆಕ್ಕಕ್ಕೆ ಸೊಪ್ಪಲ್ಲೇ ಜಾಸ್ತಿ ಆಂಟಿ," ಎಂದಾಗ ಅಮ್ಮನ ಮುಖ ಅರಳಿತು. "ಆದ್ರೆ ಹಳದೀಲಿ ಕೊಬ್ಬಿನ ಜೊತೆ ಇರೋದ್ರಿಂದ ಮೈಗೆ ಚೆನ್ನಾಗಿ ಹಿಡಿಯುತ್ತೆ. ಸೊಪ್ಪಿಗೂ ತುಪ್ಪದ ಒಗ್ಗರಣೆ ಹಾಕಿ."

ಕೊನೆಗೆ ಅವರು ಅಕ್ಕನ ಕಡೆ ತಿರುಗಿದರು. "ಮೊಟ್ಟೆ ಬೇಡ ಅಂದ್ರೂ ದಾರಿ ಇದೆ. ಹಾಲು, ಮೊಸರು, ಸೋಯಾ, ಕಡಲೆಕಾಯಿ, ಹೂಕೋಸು. ಸ್ವಲ್ಪ ಜಾಸ್ತಿ ತಿನ್ಬೇಕಾಗುತ್ತೆ. ಸಾಲದಿದ್ರೆ ಮಾತ್ರೆ ಬಗ್ಗೆ ಡಾಕ್ಟರನ್ನ ಕೇಳೋಣ. ಕಳೆದ ವಾರಗಳಿಗೆ ಹೆದರ್ಬೇಡಿ, ಮಗು ಮೆದುಳು ಭರ್ರನೆ ಬೆಳೆಯೋ ಕಾಲ ಮುಂದಿದೆ. ನಿಮಗೇನು ಬೇಕು ಹೇಳಿ."

ಅಕ್ಕ ಒಂದು ಕ್ಷಣವೂ ತಡೆಯಲಿಲ್ಲ. "ಪೂರ್ತಿ ಮೊಟ್ಟೆ ಮೇಡಂ. ಎರಡೂ."

ಆಟೋದಲ್ಲಿ ನಾನು ಅಮ್ಮನಿಗೆ, "ನೋಡಿದ್ಯಾ, ನಿನ್ನ ಮರಿ ಕಥೆ?" ಎಂದೆ.

"ನಂಗೆ ಗೊತ್ತಿರ್ಲಿಲ್ಲ, ಹೇಳ್ದೆ. ಹಳದೀಲಿ ಏನೂ ಇಲ್ಲ, ಬರೀ ಕೊಲೆಸ್ಟ್ರಾಲ್ ಅಂದಿದ್ದು ಯಾರು ತಾಯಿ?"

ಇಷ್ಟು ವರ್ಷ ನಾನು ಎದುರಿಸಿದ ಮರುವಾದಗಳಲ್ಲಿ ಅದಕ್ಕಿಂತ ಚೊಕ್ಕದ್ದು ಇನ್ನೊಂದಿಲ್ಲ.

ಮರುದಿನ ಅಮ್ಮನೇ ವಾಷಿಂಗ್ ಮಷಿನ್ ಪಕ್ಕ ನಿಂತು, ಹಳದಿ ಪೂರ್ತಿ ಗಟ್ಟಿಯಾಗುವವರೆಗೆ ಬೇಯಿಸಿದಳು. ಮೊಟ್ಟೆ ಸುಲಿಯುವುದು ಮಾತ್ರ ನನ್ನ ಪಾಲಿಗೇ ಉಳಿಯಿತು. ಗೇಟಿನ ಬಳಿ ನಾಯಿ ಹೊತ್ತಿಗೆ ಸರಿಯಾಗಿ ಬಂದು ಬಾಲ ಅಲ್ಲಾಡಿಸುತ್ತಿತ್ತು. ಅದಕ್ಕೆ ಚಪಾತಿ ಹಾಕಿದೆ, ಮೂಸಿ ನನ್ನ ಮುಖ ನೋಡಿತು. ಅಕ್ಕ ಹಳದಿಯನ್ನು ನಾಲಿಗೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ತಿಂದಳು. ಅವಳು ತಿಂದ ರೀತಿ ನೋಡಿದರೆ, ಇದರ ರುಚಿ ಅವಳಿಗೆ ಮೊದಲೇ ಗೊತ್ತಿತ್ತು ಅನಿಸಿತು.

ಊಟದ ಮೇಜಿನ ಆ ಸಂಜೆಯ ಚರ್ಚೆಯಲ್ಲಿ ನಾನಿದ್ದೆ, ಅಮ್ಮ ಇದ್ದಳು. ಮೊಟ್ಟೆ ತಿನ್ನಬೇಕಾದವಳು ಸೋಫಾದ ಮೂಲೆಯಲ್ಲಿದ್ದಳು, ಅವಳನ್ನು ಯಾರೂ ಕೇಳಿರಲಿಲ್ಲ. ಎರಡನೇ ಮೊಟ್ಟೆಯನ್ನು ಸೀಳದೆ ಅವಳ ತಟ್ಟೆಗೆ ಹಾಕಿ ಕೇಳಿದೆ:

"ಅಕ್ಕಾ, ಅವತ್ತು ಹಳದಿ ಬಿಟ್ಟುಕೊಡೋ ಮೊದಲು ನಾನು ನಿನ್ನ ಒಂದು ಮಾತು ಕೇಳಿದ್ದಿದ್ರೆ, ಏನು ಹೇಳ್ತಿದ್ದೆ?"