ಗೂಡಕ್ಕನ ಏಳು ದಿನ

ಗೂಡಕ್ಕನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ನಾನು ಆಕೆಯ ಬಗ್ಗೆ ಆಡುವ ಒಂದೆರಡು ಒಳ್ಳೆಯ ಮಾತನ್ನು ನೋಡಿ ನೀವು ನನ್ನನ್ನು ಸಜ್ಜನ ಅಂದುಕೊಂಡೀರಿ.

ನಮ್ಮದು ಪಾರ್ಸೆಲ್ ಸಾಗಿಸುವ ಕಂಪನಿ. ಅರವತ್ತು ಶಾಖೆಗಳು. ಪೊಟ್ಟಣ ಕೈ ಬದಲಾದಾಗಲೆಲ್ಲ ಕೈಯಲ್ಲಿರುವ ಪುಟ್ಟ ಸ್ಕ್ಯಾನರ್ 'ಪಿಂಯ್' ಅನ್ನುತ್ತದೆ. ಆ ಪಿಂಯ್ ಒಂದೊಂದೂ ಮುಖ್ಯ ಕಚೇರಿಯ ಡೇಟಾಬೇಸಿನಲ್ಲಿ ಒಂದೊಂದು ಸಾಲು. ಮೂರು ತಿಂಗಳಿಗೆ ಎರಡು ಕೋಟಿ ಸಾಲು. ಈ ರಾಶಿಯಿಂದ ಲೆಕ್ಕ ತೆಗೆದು ಮೀಟಿಂಗ್ ಕೋಣೆಯ ಗೋಡೆಯ ಪರದೆ ಮೇಲೆ ಬಣ್ಣಬಣ್ಣದ ಕಂಬಗಳಾಗಿ ತೋರಿಸುವ ಡ್ಯಾಶ್‌ಬೋರ್ಡ್ ನನ್ನದು. ಹದಿನಾಲ್ಕು ವರ್ಷದ ಕೆಲಸ. ಎಲ್ಲರೂ ನನ್ನನ್ನು 'ಮೇಷ್ಟ್ರು' ಅನ್ನುತ್ತಿದ್ದರು. ಯಾರು ಏನು ಕೇಳಿದರೂ ಮೊದಲು ಒಂದು ಪಾಠ ಮಾಡಿ ಆಮೇಲೆ ಉತ್ತರ ಕೊಡುವ ಚಾಳಿ ನನಗೆ.

ಡ್ಯಾಶ್‌ಬೋರ್ಡ್ ನಿಧಾನ, ಒಪ್ಪುತ್ತೇನೆ. ಬೆಳಿಗ್ಗೆ ಐದಕ್ಕೆ ಹೊಸ ಸಾಲುಗಳು ತಾವಾಗಿಯೇ ಬಂದು ತುಂಬಿಕೊಳ್ಳುತ್ತಿದ್ದವು. ಒಂಬತ್ತಕ್ಕೆ ಮ್ಯಾನೇಜರ್ ಪರದೆ ತೆರೆದರೆ ಅದು ಎರಡು ಕೋಟಿ ಸಾಲನ್ನೂ ಮೊದಲಿನಿಂದ ಎಣಿಸಲು ಕೂರುತ್ತಿತ್ತು. ಏಳು ನಿಮಿಷ. ಅಷ್ಟು ಹೊತ್ತು ಪರದೆಯಲ್ಲಿ ಒಂದು ಚಕ್ರ ತಿರುಗುತ್ತಿತ್ತು. ಆ ಏಳು ನಿಮಿಷ ನನ್ನ ದರ್ಬಾರು. ಹಿಂದಿನ ದಿನದ ಅಂಕಿಗಳನ್ನು ನಾನು ಬಾಯಲ್ಲೇ ಹೇಳುತ್ತಿದ್ದೆ, ಎಲ್ಲರೂ ಬರೆದುಕೊಳ್ಳುತ್ತಿದ್ದರು. ಆ ಚಕ್ರ ನಿಂತುಹೋಗಲಿ ಎಂದು ನಾನು ಯಾವತ್ತೂ ಬಯಸಿದವನಲ್ಲ.

ಅಂಥ ಹೊತ್ತಿನಲ್ಲಿ ಬಂದಳು ಗೂಡಕ್ಕ.

ಐವತ್ತೊಂದು ವಯಸ್ಸು. ಇಪ್ಪತ್ತೆರಡು ವರ್ಷ ನಮ್ಮದೇ ಗೋದಾಮಿನಲ್ಲಿ ನಿಂತು ಪೊಟ್ಟಣ ವಿಂಗಡಿಸಿದವಳು. ಮೊದಲೆಲ್ಲ ಅಲ್ಲಿ ಪೊಟ್ಟಣಗಳು ನೆಲದ ಮೇಲೆ ಗುಡ್ಡೆ ಬೀಳುತ್ತಿದ್ದವಂತೆ. ಯಾರಾದರೂ ಕೇಳಿದಾಗಲೆಲ್ಲ ಇಡೀ ಗುಡ್ಡೆ ಕೆದಕಬೇಕು. ಈಕೆ ಹಳೆಯ ಹಲಗೆಗಳನ್ನು ಹೊಡೆಸಿ ಬೀದಿಗೊಂದು ಗೂಡು ಮಾಡಿಸಿದಳು. ಹೆಸರು ಹಾಗೆ ಅಂಟಿತು. ಮಂಡಿ ಸವೆದು ನಿಲ್ಲಲಾಗದೆ ಹೋದಾಗ ಸೊಸೆಯ ಲ್ಯಾಪ್‌ಟಾಪಿನಲ್ಲಿ ಡೇಟಾಬೇಸ್ ಕಲಿತಳು. ಕಂಪನಿಯ ಪರೀಕ್ಷೆ ಪಾಸಾದಳು, ನನ್ನ ಪಕ್ಕದ ಮೇಜಿಗೇ ಬಂದು ಕೂತಳು. ಕನ್ನಡಕಕ್ಕೆ ದಾರ, ತುರುಬಿನಲ್ಲಿ ಪೆನ್ಸಿಲ್. ಕಂಪ್ಯೂಟರ್ ಮುಂದೆ ಪೆನ್ಸಿಲ್ ಯಾಕಮ್ಮಾ ಎಂದು ಮೊದಲ ದಿನವೇ ಮೂಗು ಮುರಿದಿದ್ದೆ.

ಎರಡನೇ ವಾರ ಆಕೆ ಮೀಟಿಂಗಿನಲ್ಲಿ ಆ ಚಕ್ರವನ್ನು ನೋಡುತ್ತಾ ಕೂತಿದ್ದಳು. ಹೊರಗೆ ಬಂದವಳೇ ಕೇಳಿದಳು.

"ಮೇಷ್ಟ್ರೇ, ದಿನಾ ಗುಡ್ಡೆ ಯಾಕೆ ಕೆದಕ್ತೀರಿ? ಬೆಳಿಗ್ಗೆ ಐದಕ್ಕೆ ಹೊಸದು ಬಂದ ತಕ್ಷಣ ಒಂದ್ಸಲ ಎಣಿಸಿ ಗೂಡಿಗೆ ಹಾಕಿಬಿಟ್ರೆ? ದಿನಕ್ಕೊಂದು, ಶಾಖೆಗೊಂದು, ಗಂಟೆಗೊಂದು ಸಾಲು. ಎಷ್ಟು ಹೊರಟ್ವು, ಎಷ್ಟು ತಲುಪಿದ್ವು, ಎಷ್ಟು ನಿಮಿಷ ಹಿಡೀತು. ಪರದೆ ಆ ಗೂಡನ್ನಷ್ಟೇ ನೋಡಲಿ."

"ಅಷ್ಟು ಸುಲಭ ಇದ್ದಿದ್ರೆ ನಾನು ಹದಿನಾಲ್ಕು ವರ್ಷ ಕತ್ತೆ ಕಾಯ್ತಿದ್ನಾ?" ಎಂದೆ. ಅಷ್ಟು ಸುಲಭವೇ ಆಗಿತ್ತು. ನನಗೂ ಗೊತ್ತಿತ್ತು. ಮಾಡಿರಲಿಲ್ಲ, ಅಷ್ಟೆ.

ಆಕೆ ಮಾಡತೊಡಗಿದಳು. ಎಲ್ಲಾದರೂ ಎಡವುತ್ತಾಳೆ ಎಂದು ನಾನು ಕಾದೆ. ಗೂಡಿನಲ್ಲಿ ಸರಾಸರಿಯನ್ನು ಇಡುತ್ತಾಳೆ, ಸರಾಸರಿಗಳ ಸರಾಸರಿ ತೆಗೆದು ತಪ್ಪು ಲೆಕ್ಕ ಕೊಡುತ್ತಾಳೆ, ಆಗ ಹಿಡಿಯೋಣ ಎಂದುಕೊಂಡಿದ್ದೆ. ನೂರು ಪೊಟ್ಟಣದ ಶಾಖೆಗೂ ಐದು ಪೊಟ್ಟಣದ ಶಾಖೆಗೂ ಒಂದೇ ತೂಕ ಕೊಟ್ಟಂತಾಗುತ್ತದೆ ನೋಡಿ, ದೊಡ್ಡ ದೊಡ್ಡವರೇ ಬೀಳುವ ಹಳ್ಳ ಅದು. ಆಕೆ ಒಟ್ಟು ನಿಮಿಷವನ್ನೂ ಎಣಿಕೆಯನ್ನೂ ಬೇರೆ ಬೇರೆ ಇಟ್ಟಳು, ಭಾಗಾಕಾರವನ್ನು ಕೊನೆಗೆ ಪರದೆಗೆ ಬಿಟ್ಟಳು. "ಗೂಡಲ್ಲಿ ಸಾಮಾನು ಇಡಬೇಕು, ಅಭಿಪ್ರಾಯ ಇಡಬಾರದು" ಎಂದಳು. ನನಗೆ ಮೈ ಉರಿದುಹೋಯಿತು.

ಮುಗಿಯುವ ಮುಂಚೆ ಆಕೆ ನನ್ನ ಹತ್ತಿರ ಬಂದು ಒಂದು ಪ್ರಶ್ನೆ ಕೇಳಿದಳು. ಈ ಕಥೆಯೆಲ್ಲ ಆ ಒಂದು ಪ್ರಶ್ನೆಯ ಮೇಲೆ ನಿಂತಿದೆ.

"ಹಳೇದನ್ನೆಲ್ಲ ಒಂದ್ಸಲ ಎಣಿಸಿ ತುಂಬಿದೀನಿ. ಇನ್ಮೇಲೆ ದಿನಾ ಬೆಳಿಗ್ಗೆ ನಿನ್ನೆದು ಮಾತ್ರ ಎಣಿಸಿ ಸೇರಿಸಿದ್ರೆ ಸಾಕಲ್ವಾ? ಗೋದಾಮಲ್ಲಿ ಎರಡು ಮೂರು ದಿನ ತಡವಾಗಿ ಚೀಲ ಬರೋದಿತ್ತು. ಸ್ಕ್ಯಾನ್ ಹಾಗೇನಾದ್ರೂ ತಡವಾಗಿ ಬರುತ್ತಾ?"

ಬರುತ್ತಿತ್ತು. ಗುಡ್ಡದಾಚೆಯ ಶಾಖೆಯಲ್ಲಿ ಸಿಗ್ನಲ್ ಇಲ್ಲ. ಪೊಟ್ಟಣ ಮನೆ ತಲುಪಿದಾಗ ಮಾಡಿದ ಸ್ಕ್ಯಾನ್ ಆ ಯಂತ್ರದ ಹೊಟ್ಟೆಯಲ್ಲೇ ಕೂತಿರುತ್ತದೆ. ಡ್ರೈವರ್ ಗುಡ್ಡ ಇಳಿದು ಬಂದಾಗ, ಎರಡು ದಿನಕ್ಕೋ ನಾಲ್ಕು ದಿನಕ್ಕೋ, ಹಳೆಯ ತಾರೀಕು ಹೊತ್ತು ನಮ್ಮ ರಾಶಿಗೆ ಬಂದು ಬೀಳುತ್ತದೆ. ನನ್ನ ನಿಧಾನದ ಡ್ಯಾಶ್‌ಬೋರ್ಡಿಗೆ ಅದರ ತಂಟೆ ಇರಲಿಲ್ಲ, ದಿನವೂ ಎಲ್ಲವನ್ನೂ ಮೊದಲಿನಿಂದ ಎಣಿಸುತ್ತಿತ್ತಲ್ಲ. ಇದು ಎಲ್ಲೂ ಬರೆದಿಟ್ಟ ವಿಷಯವಲ್ಲ. ನನ್ನ ತಲೆಯಲ್ಲಿ ಮಾತ್ರ ಇತ್ತು.

"ಇಲ್ಲಕ್ಕಾ. ಎಲ್ಲಾ ಆವತ್ತಿಂದಾವತ್ತೇ ಬಂದ್ಬಿಡುತ್ತೆ" ಎಂದೆ.

ಆಕೆ ತುರುಬಿನಿಂದ ಪೆನ್ಸಿಲ್ ತೆಗೆದು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಮುಂದಿನ ಸೋಮವಾರ ಪರದೆ ಎರಡೇ ಸೆಕೆಂಡಿನಲ್ಲಿ ತೆರೆದುಕೊಂಡಿತು. ಎರಡು ಕೋಟಿ ಸಾಲಿನ ಬದಲು ಒಂದು ಲಕ್ಷ ಮೂವತ್ತು ಸಾವಿರದಷ್ಟು ಸಾಲು ಓದಿದರೆ ಇನ್ನೆಷ್ಟು ಹೊತ್ತು ಬೇಕು? ಮ್ಯಾನೇಜರ್ ಚಪ್ಪಾಳೆ ತಟ್ಟಿದರು. ಅಂಕಿ ಹೇಳಲು ಬಾಯಿ ತೆರೆದ ನಾನು ಹಾಗೇ ಮುಚ್ಚಿಕೊಂಡೆ. "ಗೂಡಕ್ಕಾ, ಇಷ್ಟು ದಿನ ಎಲ್ಲಿದ್ರಿ?" ಎಂದು ಅವರು ಕೇಳಿದಾಗ ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ. ಒಳಗೆ ಕುದಿಯುತ್ತಿದ್ದೆ.

ಮನೆಯಲ್ಲಿ ಹೆಂಡತಿ ನನ್ನ ಮುಖ ನೋಡಿಯೇ ಹಿಡಿದಳು. "ಏನ್ರೀ, ಆ ಅಕ್ಕ ಇವತ್ತೂ ಏನೋ ಚೆನ್ನಾಗಿ ಮಾಡಿದ್ರಾ?"

"ನನಗೇನು? ಮಾಡ್ಕೊಳ್ಲಿ."

"ಸರಿ ಬಿಡಿ. ಎಲ್ಲದಕ್ಕೂ ಮದ್ದಿದೆ, ಹೊಟ್ಟೆಕಿಚ್ಚಿಗೆ ಮಾತ್ರ ಇಲ್ಲ" ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿ ಹೋದಳು.

ಎರಡು ತಿಂಗಳು ಕಳೆಯಿತು. ಗುಡ್ಡದಾಚೆಯ ಶಾಖೆಯ ಕಂಬ ಕುಸಿಯುತ್ತಾ ಬಂದಿತು. ಪೊಟ್ಟಣ ಹೊರಟಿದ್ದನ್ನು ಸ್ಕ್ಯಾನ್ ಮಾಡುವುದು ಇಲ್ಲಿ, ಅದು ಸಮಯಕ್ಕೆ ಸರಿಯಾಗಿ ಗೂಡು ಸೇರುತ್ತಿತ್ತು. ತಲುಪಿದ ಸ್ಕ್ಯಾನ್ ತಡವಾಗಿ ಬಂದು ರಾಶಿಯಲ್ಲೇ ಬಿದ್ದಿರುತ್ತಿತ್ತು, ಆ ದಿನದ ಗೂಡನ್ನು ಯಾರೂ ಮತ್ತೆ ತೆರೆಯುತ್ತಿರಲಿಲ್ಲ. ನೂರಕ್ಕೆ ತೊಂಬತ್ತು ತಲುಪಿಸುತ್ತಿದ್ದ ಶಾಖೆ ನೂರಕ್ಕೆ ನಲವತ್ತೊಂದರಲ್ಲಿ ಕೆಂಪಗೆ ನಿಂತಿತು. ಅದನ್ನು ಮೊದಲು ಕಂಡವನು ನಾನು. ನಿಜ ಹೇಳುತ್ತೇನೆ, ಖುಷಿಯಾಯಿತು. ಇನ್ನೊಂದಿಷ್ಟು ಬಲಿಯಲಿ, ಎಲ್ಲರ ಎದುರು ಹೊರಹಾಕೋಣ ಎಂದು ಸುಮ್ಮನಿದ್ದೆ.

ಆ ಶಾಖೆಯ ಮುಖ್ಯಸ್ಥ ನನಗೆ ಫೋನ್ ಮಾಡಿದ. "ಮೇಷ್ಟ್ರೇ, ನಾವು ಮೊದಲಿನಷ್ಟೇ ಕೊಡ್ತಿದೀವಿ. ನಿಮ್ಮ ಪರದೆ ಯಾಕೆ ಹಿಂಗೆ ತೋರಿಸ್ತಿದೆ? ಇಲ್ಲಿ ಹನ್ನೊಂದು ಜನ ಇದೀವಿ, ಶಾಖೆ ಮುಚ್ತಾರೆ ಅಂತಿದಾರೆ. ನೀವೇ ನೋಡ್ಬೇಕು."

"ನೋಡೋಣ" ಎಂದು ಇಟ್ಟೆ. ಅವತ್ತೇ ಹೇಳಿಬಿಡಬಹುದಿತ್ತು. ಆದರೂ ಶಾಖೆಗಳ ಭವಿಷ್ಯ ತೀರ್ಮಾನಿಸುವ ಮಂಗಳವಾರದ ಮೀಟಿಂಗಿಗೇ ಕಾದೆ.

ಮಂಗಳವಾರ ಮ್ಯಾನೇಜರ್ ಪರದೆ ತೆರೆದರು. ಎರಡು ಸೆಕೆಂಡು. ಕೆಂಪು ಕಂಬದ ಮೇಲೆ ಬೆರಳಿಟ್ಟರು. "ಎರಡು ತಿಂಗಳಿಂದ ಇದೇ ಹಣೆಬರಹ. ಈ ಶಾಖೆ ಮುಚ್ಚೋಣ. ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಪತ್ರ ಕಳಿಸ್ತೀನಿ."

ನನ್ನ ಗಳಿಗೆ ಬಂದಿತು. ಲ್ಯಾಪ್‌ಟಾಪ್ ತೆರೆದೆ. "ಒಂದು ನಿಮಿಷ ಸಾರ್. ಮೂಲ ರಾಶಿಯಿಂದಲೇ ಎಣಿಸಿ ತೋರಿಸ್ತೀನಿ" ಎಂದು ಗತ್ತಿನಿಂದ ಗುಂಡಿ ಒತ್ತಿದೆ.

ಚಕ್ರ ತಿರುಗತೊಡಗಿತು.

ಒಂದು ನಿಮಿಷ ಆಯಿತು. ಎರಡಾಯಿತು. ಯಾರೋ ಕೆಮ್ಮಿದರು. ಯಾರೋ ಫೋನ್ ತೆಗೆದರು. ಹಿಂದೆ ಇದೇ ಚಕ್ರದ ಮುಂದೆ ನನ್ನ ಬಾಯಿ ನೋಡುತ್ತಾ ಕೂತಿದ್ದ ಜನ. ಎರಡು ತಿಂಗಳಲ್ಲಿ ಕಾಯುವುದನ್ನೇ ಮರೆತಿದ್ದರು.

"ನಿಮ್ಮದು ತಿರುಗ್ತಾ ಇರಲಿ ಮೇಷ್ಟ್ರೇ. ನಾವು ಮುಂದಕ್ಕೆ ಹೋಗೋಣ" ಎಂದು ಮ್ಯಾನೇಜರ್ ಮುಂದಿನ ಶಾಖೆಗೆ ಹೋದರು. ಹನ್ನೊಂದು ಜನರ ವಿಷಯ ಅಲ್ಲಿಗೆ ಮುಗಿಯಿತು.

ಇನ್ನು ಬಾಯಿ ಬಿಡದೆ ವಿಧಿಯಿರಲಿಲ್ಲ. "ಸಾರ್, ಅವರು ತಲುಪಿಸ್ತಿದಾರೆ. ಅಲ್ಲಿ ಸಿಗ್ನಲ್ ಇಲ್ಲ, ಸ್ಕ್ಯಾನ್ ನಾಲ್ಕು ದಿನ ತಡವಾಗಿ ಬರುತ್ತೆ. ಗೂಡು ನಿನ್ನೆದು ಮಾತ್ರ ಎಣಿಸುತ್ತೆ. ತಡವಾಗಿ ಬಂದಿದ್ದು ಒಳಗೇ ಹೋಗಿಲ್ಲ" ಎಂದು ಒಂದೇ ಉಸಿರಿಗೆ ಹೇಳಿದೆ.

ಮ್ಯಾನೇಜರ್ ಆಕೆಯ ಕಡೆ ತಿರುಗಿದರು. "ಏನಕ್ಕಾ ಇದು? ಇಷ್ಟು ದೊಡ್ಡ ವಿಷಯ, ಯಾರನ್ನೂ ಒಂದು ಮಾತು ಕೇಳ್ಬಾರ್ದಿತ್ತಾ?"

ಗೂಡಕ್ಕ ನನ್ನನ್ನು ನೋಡಿದಳು. ಆಕೆಯ ಮುಂದೆ ಆ ನೋಟ್‌ಬುಕ್ ಇತ್ತು. ಪುಟ ತಿರುಗಿಸಿದರೆ ನನ್ನ ಕಥೆ ಮುಗಿಯಿತು.

ಆಕೆ ನೋಟ್‌ಬುಕ್ ಮುಚ್ಚಿದಳು. "ನನ್ನ ತಪ್ಪು ಸಾರ್. ಕೇಳಿದ್ದೆ, ಸರಿಯಾಗಿ ವಿಚಾರಿಸ್ಲಿಲ್ಲ. ಗೂಡು ಕಟ್ಟಿದವಳು ನಾನು, ಚೀಲ ನಾನೇ ಬಿಚ್ಚಿ ನೋಡ್ಬೇಕಿತ್ತು. ಅರ್ಧ ಗಂಟೆ ಕೊಡಿ."

ಕೂತಲ್ಲೇ ಸರಿಮಾಡಿದಳು. ಎರಡು ತಿಂಗಳ ಗೂಡುಗಳನ್ನು ಖಾಲಿ ಮಾಡಿ ರಾಶಿಯಿಂದ ಮತ್ತೆ ತುಂಬಿದಳು. ಇನ್ನು ಮುಂದೆ ದಿನವೂ ಐದಕ್ಕೆ ಗೂಡಿನಲ್ಲಿರುವ ಕಳೆದ ಏಳು ದಿನದ ಸಾಲುಗಳನ್ನು ಅಳಿಸಿ ಹೊಸದಾಗಿ ಎಣಿಸುವಂತೆ ಬರೆದಳು. ಅಳಿಸದೆ ಸೇರಿಸಿದರೆ ಒಂದೇ ಪೊಟ್ಟಣ ಎರಡು ಸಲ ಲೆಕ್ಕಕ್ಕೆ ಬರುತ್ತದೆ, ಅದನ್ನೂ ಮರೆಯಲಿಲ್ಲ. ಪರದೆ ಮತ್ತೆ ತೆರೆದರು. ಎರಡು ಸೆಕೆಂಡು. ಗುಡ್ಡದಾಚೆಯ ಶಾಖೆ ನೂರಕ್ಕೆ ತೊಂಬತ್ತರಲ್ಲಿ ಹಸಿರಾಗಿ ನಿಂತಿತ್ತು. ಪತ್ರ ಹೋಗಲಿಲ್ಲ.

ಮ್ಯಾನೇಜರ್ ಎದ್ದು ಬಂದು ನನ್ನ ಬೆನ್ನು ತಟ್ಟಿದರು. "ಅನುಭವ ಅಂದ್ರೆ ಇದು! ಮೇಷ್ಟ್ರು ಇಲ್ದಿದ್ರೆ ಹನ್ನೊಂದು ಜನ ಬೀದಿಗೆ ಬೀಳ್ತಿದ್ರು." ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡು ತಿಂಗಳಿಂದ ಹಪಹಪಿಸಿದ್ದ ಚಪ್ಪಾಳೆ. ಗೂಡಕ್ಕನೂ ತಟ್ಟಿದಳು.

ಸಂಜೆ ಆಕೆಯ ಮೇಜಿನ ಹತ್ತಿರ ನಿಂತೆ. "ಅಕ್ಕಾ, ನೀವು ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ಆ ಸ್ಕ್ಯಾನ್ ಬೇಗ ಬರ್ತಿತ್ತಾ?" ಎಂದು ಕನ್ನಡಕ ಒರೆಸಿಕೊಂಡಳು. "ಹೋಗಿ ಮೇಷ್ಟ್ರೇ, ಮನೇಲಿ ಕಾಯ್ತಿರ್ತಾರೆ. ಇನ್ನೊಂದ್ಸಲ ಕೇಳಿದಾಗ ಮಾತ್ರ ನಿಜ ಹೇಳಿ."

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಮೊದಲು ಆಕೆಯ ಕೆಲಸ ಕಂಡು ಉರಿಯುತ್ತಿದ್ದೆ. ಅವತ್ತಿನಿಂದ ಆಕೆಯ ಗುಣ ಕಂಡು ಉರಿಯುತ್ತೇನೆ. ಕೆಲಸವನ್ನಾದರೂ ಕಲಿಯಬಹುದಿತ್ತು.

ಮರುದಿನ ಆ ಪ್ರೋಗ್ರಾಮ್ ತೆರೆದು ನೋಡಿದೆ. ಮೇಲ್ಗಡೆ, ಯಂತ್ರ ಓದದ, ಮನುಷ್ಯರಿಗಾಗಿಯೇ ಬರೆಯುವ ಜಾಗದಲ್ಲಿ, ಒಂದು ಸಾಲು ಸೇರಿಸಿದ್ದಳು: 'ಏಳು ದಿನ ಮತ್ತೆ ಎಣಿಸುವುದು. ಸ್ಕ್ಯಾನ್ ತಡವಾಗಿ ಬರುತ್ತದೆ. ತಿಳಿಸಿದವರು ಮೇಷ್ಟ್ರು.' ಪಕ್ಕದಲ್ಲಿ ತಾರೀಕು, ಆ ಮಂಗಳವಾರದ್ದು. ಅದರ ಮೇಲಿನ ಸಾಲಿನಲ್ಲಿ ಗೂಡು ಕಟ್ಟಿದ ತಾರೀಕು, ಎರಡು ತಿಂಗಳ ಹಿಂದಿನದು.

ಹೊಸದಾಗಿ ಕೆಲಸಕ್ಕೆ ಸೇರಿದವರೆಲ್ಲ ಅದನ್ನು ಓದಿ ನನ್ನ ಹತ್ತಿರ ಬರುತ್ತಾರೆ. "ಮೇಷ್ಟ್ರೇ, ಇದನ್ನ ಕಂಡುಹಿಡಿದಿದ್ದು ನೀವಂತೆ!" ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ. ಎರಡು ತಾರೀಕಿನ ನಡುವೆ ಎಷ್ಟು ದಿನ ಎಂದು ಇವತ್ತಿನವರೆಗೆ ಯಾರೂ ಎಣಿಸಿಲ್ಲ.